ನಾಲ್ಕನೇ ಘಟಕ

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಚೌಡಣ್ಣನಿಗೆ ಐದು ವರ್ಷ ಸವೆದಿತ್ತು. ಒಂಬತ್ತನೇ ತರಗತಿಯಲ್ಲಿ ಗಣಿತದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿ, ಕುರಿ ಕಾಯುವವನಿಗೆ ಬೀಜಗಣಿತ ಯಾಕೋ ಎಂದಿದ್ದರು. ಅವನು ಬೆಂಚಿನಿಂದ ಇಳಿದು ಸೀದಾ ಹೊರಗೆ ನಡೆದ. ಮತ್ತೆ ಒಳಗೆ ಕಾಲಿಡಲಿಲ್ಲ. ಓದಿದವರ ಹಾಳೆಗಳನ್ನು ಓದದವನು ಪ್ರತಿ ಮಾಡಿ ಕೊಡುವ ಕೆಲಸ ಕೊನೆಗೆ ಅವನ ಪಾಲಿಗೆ ಬಂತು. ಪರೀಕ್ಷೆ ಹತ್ತಿರ ಬಂದಾಗ ಕಾಲೇಜು ಹುಡುಗರು ಅಂಗಡಿಯ ಕಟ್ಟೆಗೆ ಮುತ್ತಿ, "ಬೇಗ ಹೊಡಿಯಪ್ಪಾ" ಎಂದು ಅವಸರಿಸಿದರೆ ಅವನು ಮುಖ ನೋಡದೆ ಹಾಳೆಗಳನ್ನು ಕಟ್ಟೆಯ ಮೇಲೆ ಒಗೆಯುತ್ತಿದ್ದ. ಒಬ್ಬಳ ಹಾಳೆಗಳನ್ನು ಮಾತ್ರ ಅವನು ಕೈ ಒರೆಸಿಕೊಂಡು ಮುಟ್ಟುತ್ತಿದ್ದ. ಅವಳು ತಂಗಿ ಸಂಗೀತಾ, ಅಂತಿಮ ಬಿ.ಎ. ತರಗತಿಯ ಪ್ರತಿನಿಧಿ.

ಎರಡು ಸಾವಿರದ ಮೂರರ ಬೇಸಿಗೆ. ಅರ್ಥಶಾಸ್ತ್ರ ಪತ್ರಿಕೆಗೆ ಇನ್ನೂ ಹತ್ತು ದಿನವಿತ್ತು. ಸಂಗೀತಾ ಹದಿನೈದು ಪುಟ ಬರೆದು ತಂದಿದ್ದಳು. ಅಣ್ಣ ಅದನ್ನು ನಲವತ್ತೊಂದು ಪ್ರತಿ ಹೊಡೆದು, ಪಿನ್ ಹಾಕಿ, ತರಗತಿಯವರಿಗೆಲ್ಲ ಹಂಚಿದ. ಮೊದಲ ಪುಟದಲ್ಲಿ ಅವಳ ಗುಂಡನೆಯ ಅಕ್ಷರದ ಪತ್ರವಿತ್ತು:

"ಗೆಳೆಯ ಗೆಳತಿಯರೇ, ಏಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಘಟಕವಾರು ಜೋಡಿಸಿದ್ದೇನೆ. ಪ್ರಶ್ನೆಯ ಮುಂದಿನ ಅಂಕಿ ಅದು ಬಂದ ವರ್ಷ. ಮೂರು ಸಲ ಅಥವಾ ಅದಕ್ಕೂ ಹೆಚ್ಚು ಬಂದದ್ದಕ್ಕೆ ಚುಕ್ಕಿ ಇಟ್ಟಿದ್ದೇನೆ. ಪ್ರತಿ ಘಟಕದಿಂದ ಎರಡು ಪ್ರಶ್ನೆ ಕೊಟ್ಟು ಒಂದಕ್ಕೆ ಉತ್ತರ ಕೇಳುತ್ತಾರೆ, ಇಪ್ಪತ್ತು ಅಂಕ. ಮೊದಲು ಪಾಠ ಓದಿ. ಆಮೇಲೆ ಪುಸ್ತಕ ಮುಚ್ಚಿಟ್ಟು, ಗಡಿಯಾರ ನೋಡಿಕೊಂಡು ಉತ್ತರ ಬರೆದು ನೋಡಿ. ಪ್ರಶ್ನೆಯನ್ನಷ್ಟೇ ಬಾಯಿಪಾಠ ಮಾಡಿದರೆ ಉಪಯೋಗವಿಲ್ಲ. ಆದಷ್ಟು ಐದೂ ಘಟಕ ಓದಿ. ತೀರಾ ಸಮಯವಿಲ್ಲದವರು ಒಂದು, ಎರಡು, ನಾಲ್ಕನೇ ಘಟಕದ ಚುಕ್ಕಿ ಪ್ರಶ್ನೆಗಳಿಂದ ಶುರು ಮಾಡಿ. ಅವೇ ಹೆಚ್ಚು ಮರುಕಳಿಸಿವೆ. ತಪ್ಪು ಕಂಡರೆ ನನಗೆ ಹೇಳಿ. ಸಂಗೀತಾ, ತರಗತಿ ಪ್ರತಿನಿಧಿ."

ಕೊನೆಯಲ್ಲಿ ಪ್ರತಿ ತೆಗೆದುಕೊಂಡವಳು ಉಜ್ಜಿನಿ ಕಡೆಯ ಮಾಳಮ್ಮ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ತಲೆಗೂದಲಲ್ಲಿ ಯಾವಾಗಲೂ ಜೋಳದ ಹಿಟ್ಟಿನ ಧೂಳು. ಹೋದ ವರ್ಷ ಇದೇ ಪತ್ರಿಕೆಯಲ್ಲಿ ಬಿದ್ದು, ಈ ವರ್ಷ ಮತ್ತೆ ತರಗತಿಗೆ ಕೂತಿದ್ದಳು. ಪಾಸಾದರೆ ಬಿ.ಎಡ್.ಗೆ ಅರ್ಜಿ ಹಾಕಬಹುದಿತ್ತು. ಆಗದಿದ್ದರೆ ಗಿರಣಿ ಇದ್ದೇ ಇತ್ತು.

"ನನಗ ಇದರಾಗ ಮೂರು ಘಟಕ ಸಾಕವ್ವಾ," ಎಂದಳು ಪತ್ರದ ಕೊನೆಯ ಸಾಲುಗಳ ಮೇಲೆ ಬೆರಳಿಟ್ಟು. "ಒಂದು, ಎರಡು, ನಾಲ್ಕು. ಅರವತ್ತಕ್ಕ ಮೂವತ್ತೈದು ತೆಗೀತೀನಿ. ಮೋಟರು ನಿಂತಾಗಷ್ಟ ಓದಾಕ ಸಿಗೋದು, ಐದು ಘಟಕ ಎಲ್ಲಿ ಆಗ್ತೈತಿ?"

"ಐದೂ ಒಂದ್ಸಲ ಕಣ್ಣಾಡಿಸು," ಎಂದಳು ಸಂಗೀತಾ.

"ನೀ ಬರದೀಯಲ್ಲ, ಸಾಕು ತಗಾ."

ಆ ಮಾತಿಗೆ ತಂಗಿಗಿಂತ ಅಣ್ಣನೇ ಹೆಚ್ಚು ಉಬ್ಬಿದ.

ಆರು ದಿನ ಕಳೆದು ಗುರುವಾರ ಬೆಳಿಗ್ಗೆ ಕೊಟ್ರಬಸಪ್ಪ ಅಂಗಡಿಗೆ ಬಂದ. ಅವನು ಬಿ.ಎ. ಪರೀಕ್ಷೆಯನ್ನು ಎಷ್ಟು ಸಲ ಕಟ್ಟಿದ್ದನೋ ಲೆಕ್ಕವಿರಲಿಲ್ಲ. ಸೈಕಲ್ ಅಂಗಡಿ ಇಟ್ಟುಕೊಂಡು, ಪ್ರತಿ ಬೇಸಿಗೆಯಲ್ಲೂ ಬಾಕಿ ಪತ್ರಿಕೆ ಬರೆಯಲು ಹೋಗುತ್ತಿದ್ದ. ಹಾಲ್ ಟಿಕೆಟ್ಟಿನ ಪ್ರತಿ ಮಾಡಿಸಲು ಬಂದವನು, ಕಟ್ಟೆಯ ಮೇಲಿದ್ದ ಪ್ರಶ್ನೆಗಳ ಕಟ್ಟನ್ನು ತಿರುವಿ ತಿರುವಿ ನೋಡಿ ಕಿಸಕ್ಕೆಂದ.

"ಲೇ ಚೌಡ್ಯಾ, ಇದನ್ನ ಯಾವ ಪುಣ್ಯಾತ್ಮ ಮಾಡ್ಯಾನ?"

"ಪುಣ್ಯಾತ್ಮ ಅಲ್ಲ, ನನ್ನ ತಂಗಿ. ಕೈಯಾಗಿನ ಎಣ್ಣಿ ಹತ್ತಿಸಬ್ಯಾಡ ಅದಕ್ಕ."

"ನಿನ್ನ ತಂಗಿ ಯಾವಾಗ ಫೇಲಾಗಿದ್ಲು?"

ಚೌಡಣ್ಣನ ಕೈ ಮೆಷಿನ್ನಿನ ಮುಚ್ಚಳದ ಮೇಲೆ ನಿಂತಿತು. "ನಾಲಿಗಿ ಹಿಡದು ಮಾತಾಡು. ಅಕಿ ಕ್ಲಾಸಿಗೇ ಮೊದಲು."

"ಸಿಟ್ಟಾಗಬ್ಯಾಡಲೇ, ನೋಡಿಲ್ಲಿ." ಕೊಟ್ರಬಸಪ್ಪ ನಾಲ್ಕನೇ ಘಟಕದ ಪುಟ ತೆರೆದ. "ಪಂಚವಾರ್ಷಿಕ ಯೋಜನೆಗಳ ಗುರಿ, ಸಾಧನೆ. ಇದನ್ನ ತೊಂಬತ್ತೊಂಬತ್ತರಾಗ ನನಗ ಕೊಟ್ಟಾರ. ಎರಡು ಸಾವಿರದಾಗ ಕೊಟ್ಟಾರ. ಮರುವರ್ಷ ಮತ್ತ ಕೊಟ್ಟಾರ. ಮೂರು ಸಲ ಕೊಟ್ರೂ ನನಗ ಬರಲಿಲ್ಲ, ಅದು ಬ್ಯಾರೆ ಮಾತು. ಆದ್ರ ಇದು ನಮ್ಮ ಪೇಪರು. ಹಳೇ ಸಿಲಬಸ್ಸಿನ ರಿಪೀಟರ್ಸ್ ಪೇಪರು. ಹೊಸಬ್ರಿಗೆ ಆ ಪಾಠನ ತೆಗದು ಒಗದಾರ. ಚುಕ್ಕಿ ಬ್ಯಾರೆ ಇಟ್ಟಾಳ ನೋಡು, ನನ್ನ ಗೋರಿ ಮ್ಯಾಲ ಹೂ ಇಟ್ಟಂಗ."

ನಗುತ್ತಲೇ ಅವನು ಹೋದ. ಚೌಡಣ್ಣ ನಗಲಿಲ್ಲ.

ಆ ಏಳು ಪತ್ರಿಕೆಗಳನ್ನು ಪ್ರತಿ ಮಾಡಿದವನು ಅವನೇ. ಫೆಬ್ರವರಿಯಲ್ಲಿ ಸಂಗೀತಾ ಕಾಲೇಜಿನ ಗ್ರಂಥಾಲಯದಿಂದ ಹಳೆಯ ಪತ್ರಿಕೆಗಳನ್ನು ಒಟ್ಟಿಗೆ ಹೊಲಿದ ದಪ್ಪ ಸಂಪುಟವನ್ನು ಒಂದು ಗಂಟೆಯ ಮಟ್ಟಿಗೆ ಬೇಡಿ ತಂದು, ಅವನ ಕೈಗೆ ಕೊಟ್ಟು, ಪಾಠಕ್ಕೆ ಓಡಿದ್ದಳು. ವಿಶ್ವವಿದ್ಯಾಲಯದ ಪತ್ರಿಕೆ ಉದ್ದ, ಅಂಗಡಿಯಲ್ಲಿದ್ದ ಹಾಳೆ ಗಿಡ್ಡ. ಆ ಹಳೆಯ ಮೆಷಿನ್ನಿಗೆ ಅಕ್ಷರವನ್ನು ಕಿರಿದು ಮಾಡುವ ವಿದ್ಯೆ ಗೊತ್ತಿರಲಿಲ್ಲ. ಕೆಳಗಿನ ಪ್ರಶ್ನೆ ಕತ್ತರಿಸಿ ಹೋಗಬಾರದೆಂದು ಅವನು ಪತ್ರಿಕೆಯ ತಲೆಯನ್ನು ಗಾಜಿನಿಂದಾಚೆ ಜಾರಿಸಿದ್ದ. ಅಂಗಡಿಯವರೆಲ್ಲ ಹಾಗೇ ಮಾಡುತ್ತಿದ್ದರು. ತಲೆಯಲ್ಲಿ ಏನಿರುತ್ತದೆ, ಸಂಕೇತ ಸಂಖ್ಯೆ, ಪರೀಕ್ಷೆಯ ಹೆಸರು, ಸಮಯ ಮೂರು ಗಂಟೆ. ತಂಗಿಗೆ ಬೇಕಾದದ್ದು ಪ್ರಶ್ನೆ. ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ವರ್ಷ ಮಾತ್ರ ಬರೆದಿದ್ದ, ಜಾಣತನದಿಂದ.

ಅಂಗಡಿಗೆ ಬೀಗ ಹಾಕಿ ಅವನು ಕಾಲೇಜಿನ ಕಡೆ ನಡೆದ. ತಂಗಿಯನ್ನು ಮೂರು ವರ್ಷ ಗೇಟಿನ ತನಕ ಬಿಟ್ಟು ಬಂದವನು ಗೇಟು ದಾಟಿದ್ದು ಆವತ್ತೇ ಮೊದಲು. ಗ್ರಂಥಪಾಲಕ ಪಂಚಾಕ್ಷರಪ್ಪ ಕನ್ನಡಕದ ಮೇಲಿಂದ ನೋಡಿದರು.

"ಯಾರು ಬೇಕಿತ್ತಪ್ಪಾ?"

"ಸಂಗೀತಾನ ಅಣ್ಣ ರೀ ಸರ. ಹಳೇ ಪೇಪರಿನ ಪುಸ್ತಕ ಒಂದೀಟು ನೋಡಬೇಕಿತ್ತು."

"ಹೊರಗ ಕೊಡಂಗಿಲ್ಲ ಈಗ. ಪರೀಕ್ಷಿ ಟೈಮು."

"ಇಲ್ಲೇ ನಿಂತು ನೋಡ್ತೀನ್ರಿ."

ಅವನು ನಿಂತೇ ಪುಟ ತಿರುವಿದ. ತೊಂಬತ್ತೊಂಬತ್ತರ ಮೊದಲ ಪತ್ರಿಕೆಯ ತಲೆಯ ಎರಡನೇ ಸಾಲಿನಲ್ಲಿ 'ಹೊಸ ಪಠ್ಯಕ್ರಮ' ಎಂದಿತ್ತು. ಅದೇ ವರ್ಷದ ಇನ್ನೊಂದರ ತಲೆಯಲ್ಲಿ 'ಪುನರಾವರ್ತಿತ ಅಭ್ಯರ್ಥಿಗಳಿಗೆ, ಹಳೆಯ ಪಠ್ಯಕ್ರಮ'. ಎರಡು ಸಾವಿರಕ್ಕೂ ಹಾಗೇ ಎರಡು, ಎರಡು ಸಾವಿರದ ಒಂದಕ್ಕೂ ಎರಡು. ಎರಡು ಸಾವಿರದ ಎರಡಕ್ಕೆ ಹೊಸದು ಮಾತ್ರ. ಏಳರಲ್ಲಿ ಮೂರು ಹಳೆಯವು. ಒಂದೇ ವರ್ಷದ ಎರಡು ಪತ್ರಿಕೆ ಕಂಡು ಸಂಗೀತಾ ಒಂದು ಏಪ್ರಿಲಿನದು, ಇನ್ನೊಂದು ಅಕ್ಟೋಬರಿನ ಪೂರಕ ಪರೀಕ್ಷೆಯದು ಎಂದುಕೊಂಡಿದ್ದಳು, ಅವನೆದುರಿಗೇ ಹಾಗೆಂದಿದ್ದಳು. ಅವನು ಹೂಂಗುಟ್ಟಿದ್ದ. ಉಳಿದ ನಾಲ್ಕು ಘಟಕಗಳು ಹಳೆಯದರಲ್ಲೂ ಹೊಸದರಲ್ಲೂ ಒಂದೇ. ನಾಲ್ಕನೆಯದು ಮಾತ್ರ ಬೇರೆ. ಹಳೆಯದರಲ್ಲಿ ಯೋಜನೆಗಳು, ಹೊಸದರಲ್ಲಿ ಆರ್ಥಿಕ ನೀತಿ, ಖಾಸಗೀಕರಣ, ವಿದೇಶಿ ಬಂಡವಾಳ. ಬಜಾರಿನ ಗೈಡಿನಲ್ಲಿ ಎರಡೂ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಚುಕ್ಕಿಗಳು ಹಳೆಯದರ ಮೇಲೇ ಬಿದ್ದಿದ್ದವು.

ಅಂಗಡಿಗೆ ವಾಪಸು ಬಂದು ಕುಳಿತ. ಯಾರಿಗೂ ಹೇಳದಿದ್ದರೆ ಏನಾಗುತ್ತದೆ ಎಂದು ಒಂದು ಗಂಟೆ ಯೋಚಿಸಿದ್ದು ನಿಜ. ಐದೂ ಘಟಕ ಓದುವವರು ಹೇಗೂ ಪಾರಾಗುತ್ತಾರೆ. ಪುಕ್ಕಟೆ ಹಾಳೆ ಸಿಕ್ಕಿತೆಂದು ಎತ್ತಿಕೊಂಡು ಹೋದವರು, ತಾವೇ ಒಂದು ಪತ್ರಿಕೆಯನ್ನಾದರೂ ಹುಡುಕಲಿಲ್ಲವಲ್ಲ, ಅನುಭವಿಸಲಿ. ಹಾಗೆಂದುಕೊಂಡಾಗಲೆಲ್ಲ ಹಿಟ್ಟು ಮೆತ್ತಿದ ಬೆರಳೊಂದು ಪತ್ರದ ಕೊನೆಯ ಸಾಲುಗಳ ಮೇಲೆ ಬಂದು ಕೂರುತ್ತಿತ್ತು. ಮೂರು ಘಟಕದಲ್ಲಿ ಒಂದು ಹೋದರೆ ಉಳಿದದ್ದು ನಲವತ್ತು ಅಂಕ. ನಲವತ್ತಕ್ಕೆ ಮೂವತ್ತೈದು ಸಂಗೀತಾಳಿಗೂ ಯಾರೂ ಕೊಡುವುದಿಲ್ಲ.

ಅಷ್ಟರಲ್ಲಿ ಅರುಣಕುಮಾರ್ ಬೈಕ್ ನಿಲ್ಲಿಸಿದ. ಅದೇ ತರಗತಿಯವನು, ಬಟ್ಟೆ ಅಂಗಡಿಯವರ ಮಗ, ಪ್ರತಿನಿಧಿಯ ಚುನಾವಣೆಯಲ್ಲಿ ಸಂಗೀತಾಳಿಗೆ ಸೋತವನು. ಕೊಟ್ರಬಸಪ್ಪ ಚಹಾದಂಗಡಿಯಲ್ಲಿ ಕತೆ ಹೊಡೆದು ಮುಗಿಸಿದ್ದ.

"ಎಲ್ಲಿ ನಿನ್ನ ತಂಗಿ?"

"ಏನು ಕೆಲಸ?"

"ಕೆಲಸ ಅಕಿ ಮುಗಿಸ್ಯಾಳ. ನಮ್ಮನ್ನೆಲ್ಲ ಬಾವಿಗೆ ನೂಕಿ ತಾನೊಬ್ಬಾಕಿ ಫಸ್ಟ್ ಬರಬೇಕಂತ ಮಾಡ್ಯಾಳಲ್ಲ. ತಾ ಮಾತ್ರ ಸರಿಯಾದ ನಾಲ್ಕನೇ ಘಟಕ ಓದಿರ್ತಾಳ, ನೋಡ್ತಿರು."

ಚೌಡಣ್ಣ ಕಟ್ಟೆ ಹಾರಿದ್ದು ಅವನಿಗೇ ತಿಳಿಯಲಿಲ್ಲ. ಅರುಣಕುಮಾರನ ಕಾಲರು ಅವನ ಮುಷ್ಟಿಯಲ್ಲಿತ್ತು. ಬೈಕು ಒರಗಿ ಬಿತ್ತು. ಬಸ್ಸಿಗೆ ನಿಂತಿದ್ದವರು ತಿರುಗಿ ನೋಡಿದರು. ಹೊಡೆಯಲು ಎತ್ತಿದ ಕೈ ಮೇಲೆಯೇ ಉಳಿಯಿತು. ಯಾರನ್ನು ಹೊಡೆಯಬೇಕೋ ಅವನ ಕಾಲರು ಇದಲ್ಲ ಎಂಬುದು ಆ ಕೈಗೆ ಗೊತ್ತಿತ್ತು.

"ಅಕಿ ಅಲ್ಲ," ಎಂದ. "ನಾನು. ಪೇಪರಿನ ತಲಿ ಬಿಟ್ಟು ಪ್ರತಿ ಹೊಡದಾವ ನಾನು. ಹಳೇದು ಹೊಸದು ಅಂತ ತಲ್ಯಾಗ ಬರದಿತ್ತು. ಅಕಿಗೆ ಅದು ಕಾಣಸಲೇ ಇಲ್ಲ."

ಅರುಣಕುಮಾರ್ ಕಾಲರು ಬಿಡಿಸಿಕೊಂಡು ಕೊಡವಿದ. "ಹಂಗಾದ್ರ ಓದು ಬಾರದವನ ಕೈಯಾಗ ಕೊಟ್ಟಿದ್ದು ಅಕಿ ತಪ್ಪು."

ಈ ಮಾತಿಗೆ ಹೊಡೆತವೇ ತಕ್ಕ ಉತ್ತರವಾಗಿತ್ತು. ಚೌಡಣ್ಣ ಬೈಕನ್ನು ಎತ್ತಿ ನಿಲ್ಲಿಸಿದ. "ನಾಲ್ಕನೇದರಾಗ ಯೋಜನಾ ಬಿಡು. ಆರ್ಥಿಕ ನೀತಿ ಓದು. ನಿನಗ ಗೊತ್ತಾತಲ್ಲ, ಇನ್ನ ಹೋಗು."

ಮನೆಯಲ್ಲಿ ಸಂಗೀತಾ ಗೋಡೆಗೆ ಒರಗಿ, ಮಡಿಲಲ್ಲಿ ರಟ್ಟು ಇಟ್ಟುಕೊಂಡು ಉತ್ತರ ಬರೆಯುತ್ತಿದ್ದಳು. ಅವನು ಹೇಳಿದ್ದನ್ನು ಪೂರ್ತಿ ಕೇಳಿದಳು. ಅಳುತ್ತಾಳೆ ಎಂದುಕೊಂಡಿದ್ದ, ಅಳಲಿಲ್ಲ. ಚಪ್ಪಲಿ ಮೆಟ್ಟಿ ಕಾಲೇಜಿಗೆ ಹೋದಳು. ಇಡೀ ವಿಭಾಗಕ್ಕೆ ಪಠ್ಯಕ್ರಮದ ಪ್ರತಿ ಒಂದೇ ಇತ್ತು, ಅದು ಮುಖ್ಯಸ್ಥರ ಬೀರುವಿನಲ್ಲಿತ್ತು. ಅದನ್ನು ತೆಗೆಸಿ, ಐದೂ ಘಟಕವನ್ನು ಕೈಯಲ್ಲಿ ನಕಲು ಮಾಡಿಕೊಂಡು ಬಂದಳು.

"ಇದನ್ನ ಮೊದಲ ಮಾಡಬೇಕಿತ್ತು," ಎಂದಳು. "ಸಿಲಬಸ್ ಮುಂದಿಟ್ಕೊಂಡು ಒಂದೊಂದು ಪ್ರಶ್ನಿ ಹೋಲಿಸಿ ನೋಡಬೇಕಿತ್ತು. ಪೇಪರಿನ ಮ್ಯಾಲ ಘಟಕದ ನಂಬರ್ ಇತ್ತಲ್ಲ ಅಂತ ಅದನ್ನ ನಂಬಿದೆ."

"ತಪ್ಪು ನಂದು ಅಂತ ಬರಿ. ನನ್ನ ಹೆಸರು ಹಾಕು."

"ಅಣ್ಣಾ, ನೀ ತಲಿ ಬಿಟ್ಟು ಹೊಡದಿ. ತಲಿ ಎಲ್ಲಿ ಹೋತು ಅಂತ ನಾ ಕೇಳಲಿಲ್ಲ. ಪತ್ರದ ಕೆಳಗ ಸಹಿ ಯಾರದು?"

ಅವಳು ಹೊಸ ಹಾಳೆ ತೆಗೆದು ಬರೆದಳು:

"ನಾಲ್ಕನೇ ಘಟಕದಲ್ಲಿ ನನ್ನಿಂದ ತಪ್ಪಾಗಿದೆ. ಯೋಜನೆಗಳ ಮೇಲಿನ ಎಲ್ಲ ಪ್ರಶ್ನೆಗಳನ್ನು ಈಗಲೇ ಹೊಡೆದುಹಾಕಿ. ಅವು ಹಳೆಯ ಪಠ್ಯಕ್ರಮದವು, ನಮಗೆ ಬರುವುದಿಲ್ಲ. ಆರ್ಥಿಕ ನೀತಿ, ಖಾಸಗೀಕರಣ, ವಿದೇಶಿ ಬಂಡವಾಳ, ಇವಷ್ಟೇ ನಮ್ಮ ನಾಲ್ಕನೇ ಘಟಕ. ಉಳಿದ ನಾಲ್ಕು ಘಟಕಗಳ ಪ್ರಶ್ನೆಗಳು ಸರಿಯಾಗಿವೆ, ಆದರೆ ಅಲ್ಲಿಯ ಚುಕ್ಕಿಗಳನ್ನು ನಂಬಬೇಡಿ; ಅವುಗಳ ಲೆಕ್ಕದಲ್ಲೂ ಹಳೆಯ ಪತ್ರಿಕೆಗಳು ಸೇರಿವೆ. ಈ ಹಾಳೆ ಸಿಕ್ಕವರು ತಮ್ಮ ಊರಿನ ಇತರರಿಗೂ ತೋರಿಸಿ, ಹಿಂದೆ ಸಹಿ ಮಾಡಿ ಕಳಿಸಿ."

ಓದಲು ರಜೆ ಕೊಟ್ಟಿದ್ದರಿಂದ ತರಗತಿ ನಾಲ್ಕು ದಿಕ್ಕಿಗೆ ಚದುರಿತ್ತು. ಕೊಟ್ಟೂರಿನವರಿಗೆ ಸಂಗೀತಾ ಮನೆಮನೆಗೆ ಹೋಗಿ ಕೊಟ್ಟಳು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ಹಾಳೆಗಳನ್ನು ಚೌಡಣ್ಣ ಆಯಾ ಬಸ್ಸಿನ ಕಂಡಕ್ಟರುಗಳ ಕೈಗಿಟ್ಟು, ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳಲು ಎಸ್‌ಟಿಡಿ ಬೂತಿನಿಂದ ಯಾರಾರದೋ ಪಕ್ಕದ ಮನೆಗೆ ಫೋನು ಮಾಡಿದ. ಕೆಲವರು ಬೈದರು. ಒಬ್ಬ, "ನಿಮ್ಮಪ್ಪನ ಕಾಲೇಜೇನಲೇ" ಎಂದ. ಅವನು ಹಲ್ಲು ಕಚ್ಚಿ ಮುಂದಿನ ನಂಬರು ತಿರುಗಿಸಿದ. ಶುಕ್ರವಾರ ಸಂಜೆಗೆ ಪಟ್ಟಿಯಲ್ಲಿ ನಲವತ್ತು ಹೆಸರಿಗೆ ಗುರುತು ಬಿದ್ದಿತ್ತು. ಮಾಳಮ್ಮನ ಊರಿಗೆ ಫೋನಿರಲಿಲ್ಲ. ಬಸ್ಸೂ ಊರಿನ ಒಳಗೆ ಹೋಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಉಜ್ಜಿನಿ ಬಸ್ಸಿಳಿದು, ಕಾಲುದಾರಿ ಹಿಡಿದು ಅವನು ಗಿರಣಿ ಮುಟ್ಟಿದಾಗ ಕರೆಂಟು ಹೋಗಿತ್ತು. ಮೋಟರು ಸುಮ್ಮನಿತ್ತು. ಮಾಳಮ್ಮ ಜೋಳದ ಚೀಲದ ಮೇಲೆ ಕೂತು, ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದಳು: "ಒಂದನೇ ಯೋಜನೆಯಲ್ಲಿ ಕೃಷಿಗೆ ಆದ್ಯತೆ, ಎರಡನೇ ಯೋಜನೆಯಲ್ಲಿ ಬೃಹತ್ ಕೈಗಾರಿಕೆಗೆ..."

ಅವನು ಹಾಳೆ ಕೊಟ್ಟ. ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ಆರು ದಿನ," ಎಂದಳು. "ಹತ್ತೂ ಯೋಜನಾ ಬಾಯಿಪಾಠ ಮಾಡೀನಿ. ಇಸವಿ ಸಮೇತ."

ಅವನು ನಿಂತ ಮೋಟರಿನ ಕಡೆ ನೋಡಿದ.

"ಸಂಗೀತಾ ಹಿಂಗ್ಯಾಕ ಮಾಡಿದ್ಲು? ನಾ ಅಕಿಗೆ ಏನು ಮಾಡಿದ್ದೆ?"

"ಅಕಿ ಅಲ್ಲವಾ. ನಾನು ಮಾಡಿದ್ದು." ನಡೆದದ್ದನ್ನೆಲ್ಲ ಹೇಳಿದ, ಗಾಜು, ಉದ್ದದ ಪತ್ರಿಕೆ, ಗಿಡ್ಡ ಹಾಳೆ, ಪೆನ್ಸಿಲಿನ ವರ್ಷ. ಹೇಳುತ್ತಾ ಹೇಳುತ್ತಾ ತನ್ನ ಮಾತು ತನಗೇ ಸಣ್ಣದಾಗಿ ಕೇಳಿಸಿತು.

ಅವಳು ಎದ್ದು ಪ್ರಶ್ನೆಗಳ ಕಟ್ಟನ್ನು ಹಿಟ್ಟಿನ ಡಬ್ಬಿಯ ಮೇಲೆ ಒಗೆದಳು. "ಸೋಮವಾರ ನಾ ಬರಂಗಿಲ್ಲ, ಹೋಗಿ ಹೇಳ್ರಿ ಅಕಿಗೆ. ಹೋದ ವರ್ಷ ಓದದ ಬಿದ್ದೆ, ನಾಚಿಕಿ ಆಗಲಿಲ್ಲ. ಈ ವರ್ಷ ಓದಿ ಬೀಳು ಅಂತೀರೇನು?"

"ಇನ್ನ ಎರಡು ದಿನ ಐತಿ."

"ಎರಡು ದಿನ ನಿಮಗೈತಿ. ನನಗ ಕರೆಂಟು ಹೋದಾಗಷ್ಟ ಐತಿ. ನಿಮಗೇನು ಗೊತ್ತಾಗ್ತೈತಿ ಓದೋದಂದ್ರ?"

ಇದೇ ಮಾತನ್ನು ಇನ್ನೊಬ್ಬರು ಅಂದಿದ್ದರೆ ಗಿರಣಿಯ ತಗಡು ಹಾರಿಹೋಗುತ್ತಿತ್ತು. ಚೌಡಣ್ಣ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ. ಬೆಂಚಿನಿಂದ ಇಳಿದು ಹೊರಗೆ ನಡೆದ ಕಾಲು ಅದು. ಅದಕ್ಕೆ ಆ ದಾರಿ ಚೆನ್ನಾಗಿ ಗೊತ್ತಿತ್ತು. ಹೊಸ್ತಿಲ ಮೇಲೆ ನಿಂತ. ವಾಪಸು ಬಂದು, ಮೂಲೆಯಲ್ಲಿದ್ದ ಗೈಡನ್ನು ಕೈಗೆತ್ತಿಕೊಂಡು, ತಕ್ಕಡಿಯ ಪಕ್ಕ ನೆಲದ ಮೇಲೆ ಕುಳಿತ.

"ನೀ ಜೋಳ ಹಸನು ಮಾಡು, ಚೀಲ ಹೊಲಿ, ಏನು ಬೇಕಾದ್ರೂ ಮಾಡು. ನಾ ಓದ್ತೀನಿ, ನೀ ಕೇಳು. ಹೊಸ ನಾಲ್ಕನೇ ಘಟಕದಾಗ ಎಂಟು ಪ್ರಶ್ನಿ ಅದಾವು. ಸಂಗೀತಾ ಅದರಾಗ ನಾಲ್ಕು ಗುರುತು ಮಾಡಿ ಕೊಟ್ಟಾಳ. ನಾಲ್ಕು ಮಾಡಿದ್ರ ಒಂದಾದ್ರೂ ಬರಬೌದು. ಬರತೈತಿ ಅಂತ ಆಣಿ ಮಾಡಂಗಿಲ್ಲ."

ಅವಳು ಜರಡಿ ತೆಗೆದುಕೊಂಡಳು. ಬೆನ್ನು ತಿರುಗಿಸಿ ಕುಳಿತಳು.

ಅವನು ಶುರು ಮಾಡಿದ. "ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ಭಾರತವು ಎದುರಿಸಿದ ವಿದೇಶಿ ವಿ... ವಿನಿಮಯ..." ಸಾಲು ಉದ್ದ, ಪದಗಳು ಕಲ್ಲಿನಂಥವು. ಐದು ವರ್ಷ ಸಾವಿರಾರು ಹಾಳೆ ಅವನ ಕೈಯಲ್ಲಿ ದಾಟಿದ್ದವು. ಒಂದನ್ನೂ ಅವನು ಗಟ್ಟಿಯಾಗಿ ಓದಿರಲಿಲ್ಲ.

"ವಿನಿಮಯದ ಬಿಕ್ಕಟ್ಟು," ಎಂದಳು ಅವಳು, ತಿರುಗದೆ. "ಅಲ್ಲಿ ನಿಲ್ಲಬ್ಯಾಡ್ರಿ, ಮುಂದ ಹೋಗ್ರಿ."

ಒಂದು ಪ್ರಶ್ನೆ ಮುಗಿಯಿತು. ಪುಸ್ತಕ ಮುಚ್ಚಿ, ಅಂಶಗಳನ್ನು ಹೇಳು ಎಂದ. ಏಳರಲ್ಲಿ ಮೂರು ಹೇಳಿದಳು. ಮತ್ತೆ ಓದಿದ. ಐದು ಹೇಳಿದಳು. ಎರಡನೆಯದು ಖಾಸಗೀಕರಣ. ಅವಳ ಜರಡಿ ನಿಂತಿತ್ತು. ಹಿಟ್ಟಿನ ಕೈಯಲ್ಲೇ ಹಳೆಯ ಚೀಟಿಯ ಹಿಂದೆ ಅಂಶಗಳನ್ನು ಬರೆದುಕೊಳ್ಳುತ್ತಿದ್ದಳು. ಅವನ ಗಂಟಲು ಒಣಗಿತ್ತು. ನೀರು ಕೇಳಲು ಧೈರ್ಯವಾಗಲಿಲ್ಲ.

ಮೂರನೆಯದರ ನಡುವೆ ತಲೆಯ ಮೇಲಿನ ಬಲ್ಬು ಹೊತ್ತಿಕೊಂಡಿತು. ಕರೆಂಟು ಬಂದದ್ದು ಕಂಡು ಊರಿನ ಹೆಂಗಸರು ಡಬ್ಬಿ, ಬುಟ್ಟಿ ಹೊತ್ತು ಬಂದು ಬಾಗಿಲಲ್ಲಿ ಸಾಲು ನಿಂತರು. ಮುಂದಿದ್ದ ಕೆಂಚಕ್ಕ ಎಂಬ ಮುದುಕಿ ಒಳಗೆ ಇಣುಕಿದಳು.

"ಏ ಮಾಳೀ, ಕರೆಂಟು ಬಂದೈತಿ, ಕಾಣವಲ್ದೇನು? ಮತ್ತ ಹೋಗ್ತೈತಿ ಅದು. ಇವನ್ಯಾವ ಪುರಾಣ ಹೇಳಾಕ ಬಂದಾನ?"

ಮಾಳಮ್ಮ ಎದ್ದಳು. ಸ್ವಿಚ್ಚಿನ ಹಿಡಿಕೆಯ ತನಕ ಹೋದಳು. ಚೌಡಣ್ಣ ಗೈಡನ್ನು ಮುಚ್ಚಲು ಹೋದ. ಮೋಟರು ಶುರುವಾದರೆ ಮೂರು ತಾಸು ಒಂದು ಅಕ್ಷರವೂ ಕಿವಿಗೆ ಬೀಳುವುದಿಲ್ಲ.

ಅವಳು ಹಿಡಿಕೆಯನ್ನು ಮುಟ್ಟಲಿಲ್ಲ. ಬಾಗಿಲ ಬಳಿ ಬಂದು ಸಾಲಿನತ್ತ ಕೈ ಮಾಡಿದಳು.

"ಬುಟ್ಟಿ ಇಳಿಸಿ ಕೂಡ್ರಿ ಯಕ್ಕಾ. ಇದೊಂದು ಪ್ರಶ್ನಿ ಮುಗೀಲಿ."

"ಪ್ರಶ್ನಿ ಉಂಡು ಹೊಟ್ಟಿ ತುಂಬ್ತೈತೇನವ್ವಾ?" ಎಂದಳು ಕೆಂಚಕ್ಕ. ಹಿಂದಿನವರು ಗೊಣಗಿದರು. ಆದರೂ ಒಬ್ಬೊಬ್ಬರೇ ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕುಳಿತರು.

ಮಾಳಮ್ಮ ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅವನ ಎದುರಿಗೆ ಕುಳಿತಳು. ಈ ಸಲ ಬೆನ್ನು ತಿರುಗಿಸಲಿಲ್ಲ.

"ವಿದೇಶಿ ಬಂಡವಾಳದ ಅನುಕೂಲ ಎರಡು ಆದವು," ಎಂದಳು. "ಮೂರನೇದು ಓದ್ರಿ."